‘ಮೆಲ್ಲಗೆ ಒತ್ತಿ’ ಎಂದು ಕಲಿಸಿ ನಾನು ಮಾಡಿದ ತಪ್ಪು

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತ್ತು. ಒಂಬತ್ತನೆಯ ತರಗತಿಯ ವಿಜ್ಞಾನ ಪಾಠಗಳಲ್ಲದೆ, ಶಾಲೆಗೆ ಸಂಬಂಧಪಟ್ಟ ಒಬ್ಬ ವಯಸ್ಕರಿಗೆ ಒಂದು ಕೌಶಲ ಕಲಿಸಿ ವರದಿ ಬರೆಯುವ ಕೆಲಸವೂ ಇತ್ತು. ನಾನು ಆರಿಸಿಕೊಂಡದ್ದು ಬಿಸಿಯೂಟದ ಅಡುಗೆಯವರನ್ನು. ಐವತ್ತು ದಾಟಿದವರು. ಮಕ್ಕಳೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮಗ ಹೊಸ ಫೋನ್ ಕೊಂಡಾಗ ತನ್ನ ಹಳೆಯ ಟಚ್‌ಸ್ಕ್ರೀನ್ ಫೋನನ್ನು ಅವರಿಗೆ ಕೊಟ್ಟಿದ್ದ. ಏಳು ತಿಂಗಳ ಬಸುರಿ ಮಗಳು ಬೇರೆ ಊರಿನಲ್ಲಿದ್ದಳು. ಅವಳು ಕಳಿಸುವ ಧ್ವನಿ ಸಂದೇಶ ಕೇಳುವುದು, ಉತ್ತರ ಕೊಡುವುದು, ಇಷ್ಟೇ ಅಮ್ಮನಿಗೆ ಬೇಕಾಗಿತ್ತು.

ಆದರೆ ಅದೇ ಆಗುತ್ತಿರಲಿಲ್ಲ. “ನಾನು ಒಂದು ಒತ್ತಿದ್ರೆ ಅದು ಇನ್ನೊಂದು ಮಾಡ್ತದೆ ಟೀಚರ್. ಕೇಳ್ತಾ ಇರೋವಾಗ್ಲೇ ಎಲ್ಲಾ ಮಾಯ ಆಗೋಯ್ತದೆ. ಮೊನ್ನೆ ಮಗಳು ಕಳಿಸಿದ್ದೆಲ್ಲಾ ಅಳಿಸೋಯ್ತು. ನನ್ನ ಕೈಯೇ ಸರಿಯಿಲ್ಲ, ಮಗನಿಗೆ ವಾಪಸ್ ಕೊಟ್ಬುಡ್ತೀನಿ” ಎಂದರು. ಆ ಕೈಯಲ್ಲಿ ದಿನಾ ನೂರಾರು ಮಕ್ಕಳಿಗೆ ಅನ್ನ ಬಡಿಸುವವರು ಹಾಗೆ ಹೇಳಿದ್ದು ನನಗೆ ಹಿಡಿಸಲಿಲ್ಲ. ಎರಡು ಮೂರು ದಿನದಲ್ಲಿ ಕಲಿಸಿಬಿಡುತ್ತೇನೆ ಎಂದು ಮಾತು ಕೊಟ್ಟೆ.

ಮೊದಲ ಪಾಠ ಮತ್ತು ಅದರ ಸೋಲು

ಪಾಠ ಯೋಜನೆಯಲ್ಲಿ ಉದ್ದೇಶ, ಪೂರ್ವಜ್ಞಾನ, ಬೋಧನೋಪಕರಣ, ಮೌಲ್ಯಮಾಪನ ಎಲ್ಲವನ್ನೂ ಕ್ರಮವಾಗಿ ಬರೆದಿದ್ದೆ. ಪೂರ್ವಜ್ಞಾನದ ಕೆಳಗೆ ‘ಗುಂಡಿಯಿರುವ ಸಣ್ಣ ಫೋನ್ ಬಳಸಿ ಗೊತ್ತಿದೆ’ ಎಂದಿತ್ತು. ಅಮ್ಮ ಪರದೆಯನ್ನು ಆ ಗುಂಡಿಗಳನ್ನು ಒತ್ತುವ ಹಾಗೆಯೇ ಒತ್ತುತ್ತಿದ್ದರು. ಬೆರಳ ತುದಿ ಬೆಳ್ಳಗಾಗುವಷ್ಟು ಬಲ. ಆದ್ದರಿಂದ ನಾನು ಹೇಳಿದೆ, “ಅಷ್ಟು ಗಟ್ಟಿಯಾಗಿ ಬೇಡಮ್ಮ, ಮೆಲ್ಲಗೆ ಒತ್ತಿ.”

ಅವರು ಹಾಗೆಯೇ ಮಾಡಿದರು. ಬಲ ಕಡಿಮೆಯಾಯಿತು, ತೊಂದರೆ ಹೆಚ್ಚಾಯಿತು. ಮಗಳ ಹೆಸರನ್ನು ಮುಟ್ಟಿದರೆ ಸಂದೇಶಗಳು ತೆರೆಯುವ ಬದಲು ಹೆಸರಿನ ಮೇಲೆ ಸರಿ ಗುರುತು ಬೀಳುತ್ತಿತ್ತು. ಪರದೆಯ ಮೇಲಂಚಿನಲ್ಲಿ ಕಸದ ಬುಟ್ಟಿಯ ಚಿತ್ರವಿರುವ ಪಟ್ಟಿ ಬರುತ್ತಿತ್ತು. ಅದು ಯಾಕೆ ಬಂತೆಂದು ತಿಳಿಯದೆ ಅಮ್ಮ ಅಲ್ಲಿ ಇಲ್ಲಿ ಒತ್ತುತ್ತಿದ್ದರು. ಹಿಂದೊಮ್ಮೆ ಎಲ್ಲವೂ ಅಳಿಸಿಹೋದದ್ದು ಹೀಗೆಯೇ ಎಂಬುದು ಆಗ ಗೊತ್ತಾಯಿತು. ಬುಟ್ಟಿಯನ್ನು ಮುಟ್ಟಿದ್ದಾರೆ, ಅಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಯನ್ನು ಓದಲಾಗದೆ ಅದನ್ನೂ ಒತ್ತಿದ್ದಾರೆ.

ಎರಡನೆಯ ದಿನವೂ ಇದೇ ಆಯಿತು. ನಾನು ಇನ್ನಷ್ಟು ಸಲ “ಮೆಲ್ಲಗೆ, ಮೆಲ್ಲಗೆ” ಎಂದೆ. ಅವಲೋಕನಕ್ಕೆ ಬಂದಿದ್ದ ನಮ್ಮ ಬೋಧನಾ ವಿಧಾನದ ಉಪನ್ಯಾಸಕರು ಹಿಂದೆ ಕುಳಿತು ನೋಡುತ್ತಿದ್ದರು. ಹೋಗುವಾಗ ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಕಲಿಯುವವರ ಬೆರಳು ಪರದೆಯ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದು ನೋಡಿದ್ದೀರಾ?’

ನೋಡಿರಲಿಲ್ಲ. ಎಷ್ಟು ಬಲ ಎಂದು ಮಾತ್ರ ನೋಡಿದ್ದೆ. ಭೌತವಿಜ್ಞಾನ ಓದಿಯೂ ಇಲ್ಲಿ ತಪ್ಪಿದ್ದೆ. ಈ ಪರದೆಗಳು ಬಲವನ್ನು ಅಳೆಯುವುದಿಲ್ಲ. ಗಾಜಿನ ಕೆಳಗಿರುವ ಸೂಕ್ಷ್ಮ ವಾಹಕಗಳ ಜಾಲದ ಬಳಿ ಬೆರಳು ಬಂದರೆ ಅಲ್ಲಿನ ವಿದ್ಯುತ್ ಧಾರಕತೆ ಬದಲಾಗುತ್ತದೆ. ಫೋನಿಗೆ ತಿಳಿಯುವುದು ಬೆರಳು ಎಲ್ಲಿ ತಾಗಿತು, ಎಷ್ಟು ಹೊತ್ತು ಇತ್ತು, ಯಾವ ಕಡೆಗೆ ಎಷ್ಟು ಸರಿಯಿತು ಎಂಬುದು. ನಾವು ಏನು ಮಾಡಬೇಕೆಂದಿದ್ದೆವು ಎಂಬುದನ್ನು ಅದು ಈ ಮೂರರಿಂದಲೇ ಊಹಿಸುತ್ತದೆ. ಹಾಗಾದರೆ ಊಹೆ ತಪ್ಪಿದಾಗ ನಾವು ಕೇಳಬೇಕಾದದ್ದು ‘ಕೈ ಸರಿಯಿದೆಯೇ’ ಎಂದಲ್ಲ. ಹೊತ್ತು, ಜಾಗ, ದಿಕ್ಕು ಈ ಮೂರರಲ್ಲಿ ಯಾವುದು ಫೋನಿನ ಗಡಿಯನ್ನು ದಾಟಿತು ಎಂದು ಕೇಳಬೇಕು.

ಹೊತ್ತನ್ನು ಅಳೆದದ್ದು

ಅದೇ ವಾರ ಒಂಬತ್ತನೆಯ ತರಗತಿಯಲ್ಲಿ ‘ಚಲನೆ’ ಪಾಠ ನಡೆಯುತ್ತಿತ್ತು. ಕಾಲ, ಸ್ಥಾನಪಲ್ಲಟ, ದಿಕ್ಕು ಎಲ್ಲವೂ ಅದರಲ್ಲೇ ಬರುತ್ತವೆ. ಅಮ್ಮನ ಒಪ್ಪಿಗೆ ಪಡೆದು ನಾಲ್ವರು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡೆ. ಸಂದೇಶಗಳನ್ನು ಯಾರೂ ನೋಡಬಾರದೆಂದು ಕ್ಯಾಲ್ಕುಲೇಟರ್, ಸೆಟ್ಟಿಂಗ್ಸ್, ಮುಖಪುಟ ಇವುಗಳ ಮೇಲಷ್ಟೇ ಪ್ರಯೋಗ ಮಾಡಿದೆವು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಆರಂಭ. ನೀರಿನ ಹನಿಯೂ ಧಾರಕತೆಯನ್ನು ಬದಲಿಸುವುದರಿಂದ ಒದ್ದೆ ಕೈಯಲ್ಲಿ ಪರದೆ ಬೇರೆ ರೀತಿಯಲ್ಲೇ ತಪ್ಪು ಓದುತ್ತದೆ. ಎರಡು ಕಾರಣಗಳನ್ನು ಒಟ್ಟಿಗೆ ಅಳೆದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ನನ್ನ ಫೋನಿನಲ್ಲಿ ಸೆಕೆಂಡಿಗೆ 120 ಚಿತ್ರಗಳಂತೆ ನಿಧಾನಗತಿಯ ವೀಡಿಯೊ ತೆಗೆಯಬಹುದು. ಅದನ್ನು ಅಮ್ಮನ ಬೆರಳಿನ ಪಕ್ಕದಲ್ಲಿ, ಗಾಜಿನ ಮಟ್ಟಕ್ಕೆ ಹಿಡಿದೆವು. ಮುಖಪುಟದ ಒಂದು ಐಕಾನನ್ನು ಹತ್ತು ಸಲ ‘ಮುಟ್ಟಿ ತೆರೆಯಿರಿ’ ಎಂದೆವು. ನಂತರ ಬೆರಳು ಗಾಜಿಗೆ ತಾಗಿದ ಚಿತ್ರದಿಂದ ಬಿಟ್ಟ ಚಿತ್ರದವರೆಗೆ ಒಂದೊಂದಾಗಿ ಎಣಿಸಿದೆವು. ಬಂದ ಸಂಖ್ಯೆಗಳು: 42, 66, 54, 78, 90, 60, 48, 72, 84, 66. ಒಟ್ಟು 660, ಸರಾಸರಿ 66 ಚಿತ್ರ. 66ನ್ನು 120ರಿಂದ ಭಾಗಿಸಿದರೆ 0.55 ಸೆಕೆಂಡ್. ಅತಿ ಹೆಚ್ಚು 90 ಚಿತ್ರ, ಎಂದರೆ 0.75 ಸೆಕೆಂಡ್. ವಿದ್ಯಾರ್ಥಿಗಳು ಅದೇ ಐಕಾನನ್ನು ಮುಟ್ಟಿದಾಗ ಬಂದದ್ದು ಸುಮಾರು 12 ಚಿತ್ರ, ಬರೀ 0.1 ಸೆಕೆಂಡ್.

ಬೆರಳು ಒಂದೇ ಜಾಗದಲ್ಲಿ ನಿಂತಿದ್ದರೆ ಆಂಡ್ರಾಯ್ಡ್ ಫೋನು ಸಾಮಾನ್ಯವಾಗಿ 0.4ರಿಂದ 0.5 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಬೆರಳು ಎದ್ದರೆ ಅದು ಮುಟ್ಟುವಿಕೆ, ಏಳದಿದ್ದರೆ ಅದು ಒತ್ತಿ ಹಿಡಿಯುವಿಕೆ. ಮುಟ್ಟಿದರೆ ತೆರೆಯುತ್ತದೆ, ಒತ್ತಿ ಹಿಡಿದರೆ ಆಯ್ಕೆಯಾಗುತ್ತದೆ ಅಥವಾ ಬೇರೊಂದು ಪಟ್ಟಿ ಬರುತ್ತದೆ. ಅಮ್ಮನ ಹತ್ತು ಮುಟ್ಟುವಿಕೆಗಳಲ್ಲಿ 42 ಮತ್ತು 48 ಚಿತ್ರಗಳ ಎರಡರಲ್ಲಿ ಮಾತ್ರ ಆ್ಯಪ್ ತೆರೆದಿತ್ತು. ಉಳಿದ ಎಂಟರಲ್ಲಿ ಪಟ್ಟಿ ಬಂದಿತ್ತು. ಫೋನು ತನ್ನ ನಿಯಮವನ್ನು ಒಂದು ಸಲವೂ ತಪ್ಪಿರಲಿಲ್ಲ. ಅಮ್ಮನೂ ನಾನು ಹೇಳಿದ್ದನ್ನು ತಪ್ಪದೆ ಮಾಡಿದ್ದರು.

ನಮ್ಮ ಮಾತಿನಲ್ಲಿ ‘ಮೆಲ್ಲಗೆ’ ಎಂದರೆ ಹಗುರವಾಗಿ ಎಂದೂ ಆಗುತ್ತದೆ, ನಿಧಾನವಾಗಿ ಎಂದೂ ಆಗುತ್ತದೆ. ನಾನು ಹಗುರವಾಗಿ ಎಂಬರ್ಥದಲ್ಲಿ ಹೇಳಿದ್ದೆ, ಅವರು ನಿಧಾನವಾಗಿ ಎಂದು ತಿಳಿದಿದ್ದರು. ‘ಒತ್ತಿ’ ಎಂಬ ಮಾತೂ ಸರಿಯಿರಲಿಲ್ಲ. ಒತ್ತುವುದೆಂದರೆ ಬಲ ಹಾಕಿ ಅದುಮಿ ಹಿಡಿಯುವುದು. ‘ಮೆಲ್ಲಗೆ ಒತ್ತಿ’ ಎಂಬ ಎರಡೂ ಪದಗಳು ಸೇರಿ ನಾನು ಎರಡು ದಿನ ಒತ್ತಿ ಹಿಡಿಯುವುದನ್ನೇ ಕಲಿಸಿದ್ದೆ.

ವೀಡಿಯೊವನ್ನು ಅಮ್ಮನಿಗೂ ತೋರಿಸಿದೆವು. ಮೊದಲು ಹುಡುಗಿಯ ಬೆರಳು, ಆಮೇಲೆ ಅವರದು. ಸ್ವಲ್ಪ ಹೊತ್ತು ನೋಡಿ ಅವರೇ ಹೇಳಿದರು, “ಓ, ಹೆಂಚು ಕಾದದಾ ಅಂತ ಮುಟ್ಟಿ ನೋಡ್ತೀವಲ್ಲ, ಹಂಗೆ!” ಬಿಸಿ ಹೆಂಚಿನ ಮೇಲೆ ಯಾರೂ ಬೆರಳು ಇಟ್ಟುಕೊಂಡಿರುವುದಿಲ್ಲ. ತಾಗಿಸಿ ತೆಗೆಯುತ್ತಾರೆ. ನನ್ನ ಪಾಠ ಯೋಜನೆಯ ಪೂರ್ವಜ್ಞಾನದ ಜಾಗದಲ್ಲಿ ಗುಂಡಿ ಫೋನನ್ನು ಹೊಡೆದು ಹೆಂಚು ಎಂದು ಬರೆದುಕೊಂಡೆ.

ಸೆಟ್ಟಿಂಗ್ ಬದಲಿಸಿದ ಕ್ರಮ

ಹೋಲಿಕೆ ಸಿಕ್ಕಿತೆಂದು ನಲವತ್ತು ವರ್ಷದ ಅಭ್ಯಾಸ ಒಂದು ದಿನದಲ್ಲಿ ಬದಲಾಗುವುದಿಲ್ಲ. ಕಲಿಯುವಷ್ಟು ದಿನ ಫೋನೇ ಸ್ವಲ್ಪ ಕಾಯಲಿ ಎಂದು ತೀರ್ಮಾನಿಸಿದೆವು. ಅಮ್ಮನ ಫೋನಿನಲ್ಲಿ “Settings” ತೆರೆದು “Accessibility”ಗೆ ಹೋಗಿ, ಅಲ್ಲಿ “Timing controls” ಒಳಗೆ “Touch & hold delay” ಎಂಬುದನ್ನು ತೆರೆದೆವು. ಅದರಲ್ಲಿ “Short”, “Medium”, “Long” ಎಂದು ಮೂರು ಆಯ್ಕೆಗಳು. ಮೊದಲಿಂದ ಇದ್ದದ್ದು “Short”. “Medium” ಎಂದರೆ 1 ಸೆಕೆಂಡ್, “Long” ಎಂದರೆ 1.5 ಸೆಕೆಂಡ್. ಕಂಪನಿಯಿಂದ ಕಂಪನಿಗೆ ಈ ದಾರಿ ಸ್ವಲ್ಪ ಬೇರೆಯಿರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ hold delay ಎಂದು ಬರೆದರೆ ಸಾಮಾನ್ಯವಾಗಿ ಬರುತ್ತದೆ.

ಯಾವುದನ್ನು ಆರಿಸುವುದು? ಒಬ್ಬ ಹುಡುಗ “ಲಾಂಗ್ ಇಡೋಣ ಮಿಸ್, ತಪ್ಪೇ ಆಗಲ್ಲ” ಎಂದ. ಆದರೆ ಅಮ್ಮನ ಅತಿ ಉದ್ದದ ಮುಟ್ಟುವಿಕೆ 0.75 ಸೆಕೆಂಡ್. ಅದಕ್ಕೆ 1 ಸೆಕೆಂಡಿನ ಗಡಿ ಸಾಕು, ಕಾಲು ಸೆಕೆಂಡ್ ಉಳಿಯುತ್ತದೆ. 1.5 ಇಟ್ಟರೆ ನಿಜವಾಗಿ ಒತ್ತಿ ಹಿಡಿಯಬೇಕಾದಾಗ ಅಷ್ಟು ಹೊತ್ತು ಬೆರಳು ಅಲುಗದೆ ನಿಲ್ಲಬೇಕು. ಅದು ಸುಲಭವಲ್ಲ. ಬೆರಳು ಸುಮಾರು ಒಂದೂಕಾಲು ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಫೋನು ಅದನ್ನು ಒತ್ತಿ ಹಿಡಿದದ್ದೆಂದು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಳೆದದ್ದೆಂದು ತಿಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಗಡಿ ಸಾಮಾನ್ಯವಾಗಿ 8 ಡಿಪಿ. ಒಂದು ಅಂಗುಲಕ್ಕೆ 160 ಡಿಪಿ ಎಂಬ ಲೆಕ್ಕದಲ್ಲಿ ಅದು ಅಂಗುಲದ ಇಪ್ಪತ್ತನೆಯ ಒಂದು ಭಾಗ, 1.27 ಮಿಲಿಮೀಟರ್. ಆದ್ದರಿಂದ “Medium” ಇಟ್ಟೆವು. ಮತ್ತೆ ಹತ್ತು ಸಲ ಮುಟ್ಟಿಸಿದೆವು. ಹತ್ತೂ ಸಲ ಆ್ಯಪ್ ತೆರೆಯಿತು.

ಅಂಚಿನ ತೊಂದರೆ

ತೆರೆಯುವುದೇನೋ ಸರಿಯಾಯಿತು. ಆದರೆ ಅಮ್ಮ ಹೇಳಿದ್ದ ಇನ್ನೊಂದು ಮಾತು ಹಾಗೇ ಇತ್ತು: “ಕೇಳ್ತಾ ಇರೋವಾಗ್ಲೇ ಎಲ್ಲಾ ಮಾಯ ಆಗೋಯ್ತದೆ.” ಉದ್ದನೆಯ ಪಟ್ಟಿಯನ್ನು ಮೇಲೆ ಸರಿಸುವಾಗ ಒಮ್ಮೊಮ್ಮೆ ಪುಟವೇ ಮುಚ್ಚಿಕೊಳ್ಳುತ್ತಿತ್ತು. ಇದು ಹೊತ್ತಿಗೆ ಸಂಬಂಧಿಸಿದ್ದಲ್ಲ, ಜಾಗ ಮತ್ತು ದಿಕ್ಕಿಗೆ ಸಂಬಂಧಿಸಿದ್ದು.

2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಕೆಳಗಿನ ಮೂರು ಗುಂಡಿಗಳಿಲ್ಲದೆ ಬೆರಳಿನ ಚಲನೆಯಿಂದಲೇ ಫೋನ್ ನಡೆಸುವ ವ್ಯವಸ್ಥೆ ಇದೆ. ಅದರಲ್ಲಿ ಪರದೆಯ ಎಡ ಅಥವಾ ಬಲ ಅಂಚಿನಿಂದ ಒಳಕ್ಕೆ ಬೆರಳು ಎಳೆದರೆ ‘ಹಿಂದಕ್ಕೆ’ ಎಂದು ಅರ್ಥ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ. ಈ ಅಂಚಿನ ಪಟ್ಟಿ ಕಾಣುವುದಿಲ್ಲ. ಬೇರೆಯವರಿಂದ ಫೋನ್ ಪಡೆದವರಿಗೆ ಅಲ್ಲಿ ಅಂಥದ್ದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ.

ಬೆರಳಿನ ದಾರಿಯನ್ನು ಕಣ್ಣಿಗೆ ಕಾಣಿಸುವ ಒಂದು ಉಪಾಯ ಫೋನಿನಲ್ಲೇ ಇದೆ. “About phone” ಒಳಗೆ “Build number” ಎಂಬ ಸಾಲನ್ನು ಏಳು ಸಲ ಮುಟ್ಟಿದರೆ “Developer options” ಎಂಬ ಹೊಸ ಪಟ್ಟಿ ಬರುತ್ತದೆ. ಅದರಲ್ಲಿ “Pointer location” ಆನ್ ಮಾಡಿದರೆ ಬೆರಳು ಹೋದ ದಾರಿ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಬೆರಳು ಎತ್ತಿದ ಮೇಲೆ ಮೇಲ್ಭಾಗದಲ್ಲಿ dX, dY ಎಂದು ಒಟ್ಟು ಎಷ್ಟು ಅಡ್ಡ, ಎಷ್ಟು ಉದ್ದ ಸರಿಯಿತೆಂದು ಪಿಕ್ಸೆಲ್‌ಗಳಲ್ಲಿ ತೋರಿಸುತ್ತದೆ. ಇಲ್ಲಿ ಮೂಲಬಿಂದು ಪರದೆಯ ಎಡ ಮೇಲ್ತುದಿ. ಆದ್ದರಿಂದ ಮೇಲಕ್ಕೆ ಹೋದರೆ dY ಋಣ, ಎಡಕ್ಕೆ ಹೋದರೆ dX ಋಣ. ಗ್ರಾಫ್ ಹಾಳೆಯಲ್ಲಿ ಮೇಲಕ್ಕೆ ಧನ ಎಂದು ಕಲಿತ ಮಕ್ಕಳಿಗೆ ಇದನ್ನು ಒಂದು ಸಲ ಬಿಡಿಸಿ ಹೇಳಬೇಕಾಯಿತು.

ಅಮ್ಮ ಎಡ ಅಂಗೈಯಲ್ಲಿ ಫೋನ್ ಹಿಡಿದು ಬಲಗೈಯ ತೋರುಬೆರಳಿನಿಂದ ಸರಿಸುತ್ತಿದ್ದರು. ಅಕ್ಷರ ಮುಚ್ಚಿಹೋಗಬಾರದೆಂದು ಬೆರಳನ್ನು ಬಲ ಅಂಚಿನಲ್ಲೇ ಇಡುತ್ತಿದ್ದರು. ಸೆಟ್ಟಿಂಗ್ಸ್‌ನ ಉದ್ದ ಪಟ್ಟಿಯನ್ನು ಸರಿಸುವಾಗ ಪುಟ ಮುಚ್ಚಿಕೊಂಡ ಒಂದು ಸಲದ ಅಂಕಿ ಹೀಗಿತ್ತು: dX −112, dY −148. ಇದನ್ನು ನೋಡಿ ನಾನು ಗೊಂದಲಕ್ಕೆ ಬಿದ್ದೆ. ಅಡ್ಡಕ್ಕಿಂತ ಮೇಲಕ್ಕೆ ಹೋದದ್ದೇ ಹೆಚ್ಚು. ಹಾಗಿದ್ದರೆ ಫೋನು ಇದನ್ನು ಮೇಲೆ ಸರಿಸಿದ್ದೆಂದು ತಿಳಿಯಬೇಕಿತ್ತಲ್ಲ?

ಉತ್ತರ ಹೇಳಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗಿ. “ಮಿಸ್, ಗೆರೆ ನೇರ ಇಲ್ಲ. ಮೊದಲು ಪಕ್ಕಕ್ಕೆ ಹೋಗಿ ಆಮೇಲೆ ಮೇಲೆ ಹೋಗಿದೆ, ಕುಡುಗೋಲಿನ ಥರ.” ನೋಡಿದರೆ ಹಾಗೇ ಇತ್ತು. ನಾನು ನೋಡಿದ್ದು ಒಟ್ಟು ಸ್ಥಾನಪಲ್ಲಟ, ಅವಳು ನೋಡಿದ್ದು ದಾರಿ. ಫೋನು ಬೆರಳು ಏಳುವವರೆಗೆ ಕಾದು ಲೆಕ್ಕ ಹಾಕುವುದಿಲ್ಲ. ಅಂಚಿನ ಪಟ್ಟಿಯೊಳಗೆ ಶುರುವಾದ ಚಲನೆ ಆ ಸಣ್ಣ ಗಡಿಯನ್ನು ಮೊದಲು ಯಾವ ಕಡೆಗೆ ದಾಟುತ್ತದೆ ಎಂಬುದರ ಮೇಲೆ ಅಲ್ಲೇ ತೀರ್ಮಾನಿಸುತ್ತದೆ. ಮೊದಲು ಮೇಲಕ್ಕೆ ದಾಟಿದರೆ ಅದು ಪುಟ ಸರಿಸುವುದು. ಮೊದಲು ಒಳಕ್ಕೆ ದಾಟಿದರೆ ‘ಹಿಂದಕ್ಕೆ’ ಹೋಗುವ ಸಿದ್ಧತೆ. ಆಮೇಲೆ ಬೆರಳು ಸ್ವಲ್ಪ ಮೇಲೆ ಬಾಗಿದರೂ ಪುಟ ಸರಿಯುವುದಿಲ್ಲ. ಮಣಿಕಟ್ಟು ಒಂದೆಡೆ ನಿಂತು ಬೆರಳು ತಿರುಗಿದರೆ ದಾರಿ ಕಮಾನಾಗುವುದು ಸಹಜ. ಎಲ್ಲರ ಕೈಯೂ ಹಾಗೇ. ಅಮ್ಮನ ಕಮಾನು ಅಂಚಿನಲ್ಲಿ ಶುರುವಾಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಅದೇ ಕೈ, ಅದೇ ಕಮಾನು, ಅಂಚಿನಿಂದ ಎರಡು ಸೆಂಟಿಮೀಟರ್ ಒಳಗೆ ಶುರು ಮಾಡಿಸಿ ನೋಡಿದೆವು. ಹತ್ತಕ್ಕೆ ಹತ್ತು ಸಲವೂ ಪುಟ ಸರಿಯಾಗಿ ಸರಿಯಿತು. ಕಾರಣ ಖಚಿತವಾಯಿತು.

ಎರಡು ಪರಿಹಾರ, ಒಂದರ ಆಯ್ಕೆ

ಅಮ್ಮನ ಫೋನಿನಲ್ಲಿ “Settings”, “System”, “Gestures”, “System navigation” ಎಂಬ ದಾರಿಯಲ್ಲಿ ಹೋದರೆ ಎರಡು ಆಯ್ಕೆಗಳು ಸಿಗುತ್ತವೆ. ಹೊಸ ಫೋನುಗಳಲ್ಲಿ ಇದೇ ಜಾಗಕ್ಕೆ “Navigation mode” ಎಂಬ ಹೆಸರಿದೆ. “Gesture navigation” ಪಕ್ಕದ ಚಕ್ರದ ಗುರುತನ್ನು ಮುಟ್ಟಿದರೆ “Back sensitivity” ಕೆಳಗೆ ಎಡ ಅಂಚಿಗೊಂದು, ಬಲ ಅಂಚಿಗೊಂದು ಜಾರುಗುಂಡಿ ಬರುತ್ತದೆ. ಅದನ್ನು “Low” ಕಡೆಗೆ ಸರಿಸಿದರೆ ಅಂಚಿನ ಪಟ್ಟಿ ಕಿರಿದಾಗುತ್ತದೆ. ಬಲ ಅಂಚನ್ನು ಪೂರ್ತಿ ಕಡಿಮೆ ಮಾಡಿ ನೋಡಿದೆವು. ಹತ್ತರಲ್ಲಿ ಎರಡು ಸಲ ಆಗಲೂ ಪುಟ ಮುಚ್ಚಿತು. ಪಟ್ಟಿ ಕಿರಿದಾಯಿತೇ ಹೊರತು ಇಲ್ಲವಾಗಲಿಲ್ಲ, ಮತ್ತು ಅಮ್ಮ ಬೆರಳಿಡುತ್ತಿದ್ದದ್ದು ಅಂಚಿನ ತುದಿಯಲ್ಲೇ.

ಇನ್ನೊಂದು “3-button navigation”. ಇದನ್ನು ಆರಿಸಿದರೆ ಅಂಚಿನಿಂದ ‘ಹಿಂದಕ್ಕೆ’ ಹೋಗುವುದೇ ನಿಂತುಹೋಗುತ್ತದೆ. ಪರದೆಯ ಕೆಳಗೆ ಮೂರು ಗುಂಡಿಗಳು ಸದಾ ಕಾಣುತ್ತವೆ. ಪರದೆಯ ಒಂದು ಸಣ್ಣ ಪಟ್ಟಿಯನ್ನು ಅವು ತಿನ್ನುತ್ತವೆ ಎಂಬುದೊಂದು ನಷ್ಟ. ಅಮ್ಮನಿಗೆ ಎರಡನ್ನೂ ತೋರಿಸಿ ಕೇಳಿದೆ. “ಕಾಣೋದೇ ಇರ್ಲಿ ಟೀಚರ್. ಕಾಣದ್ದನ್ನ ಹೆಂಗ್ ನೆನಪಿಟ್ಕಳ್ಳಿ?” ಎಂದರು. ಮೂರು ಗುಂಡಿ ಇಟ್ಟೆವು. ಮಗನ ಮನೆಗೆ ಹೋದಾಗ ಅವನ ಫೋನನ್ನೂ ಮುಟ್ಟುವುದುಂಟು ಎಂದದ್ದರಿಂದ ಒಂದು ಉಪಾಯ ಮಾತ್ರ ಹೇಳಿಕೊಟ್ಟೆ: ಅಂಚಿನಲ್ಲಿ ಸಣ್ಣ ಬಾಣದ ಗುರುತು ಮೂಡಿದರೆ ಬೆರಳು ಎತ್ತಬೇಡಿ. ಎತ್ತದೆ ಹಾಗೇ ಅಂಚಿಗೆ ವಾಪಸ್ ಒಯ್ದು ಬಿಡಿ, ಪುಟ ಮುಚ್ಚುವುದಿಲ್ಲ.

ಕೆಲಸ ಮುಗಿದ ಮೇಲೆ “Pointer location” ಮಾತ್ರವಲ್ಲ, “Developer options” ಅನ್ನೇ ಆಫ್ ಮಾಡಿದೆವು. ಅಲ್ಲಿರುವ ಬೇರೆ ಆಯ್ಕೆಗಳನ್ನು ಮುಟ್ಟಬಾರದು. ಅದು ಆನ್ ಆಗಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೂ ಇಲ್ಲ.

ಸೆಟ್ಟಿಂಗ್‌ನಿಂದ ಸರಿಹೋಗದ್ದು

ಮಗಳಿಗೆ ಉತ್ತರ ಕಳಿಸುವುದು ಇನ್ನೂ ಉಳಿದಿತ್ತು. ಅಮ್ಮ ಬಳಸುವ ಸಂದೇಶ ಆ್ಯಪ್‌ನಲ್ಲಿ ಮೈಕಿನ ಗುರುತನ್ನು ಒತ್ತಿ ಹಿಡಿದೇ ಮಾತಾಡಬೇಕು, ಬಿಟ್ಟ ಕೂಡಲೇ ಹೋಗುತ್ತದೆ. ಹಿಡಿದ ಬೆರಳು ಎಡಕ್ಕೆ ಜಾರಿದರೆ ಮಾತು ರದ್ದು. ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಆಮೇಲೆ ಬೆರಳು ತೆಗೆದು ಎಷ್ಟು ಹೊತ್ತಾದರೂ ಮಾತಾಡಬಹುದು. ಅಮ್ಮ ಮಾತಿನ ಭರದಲ್ಲಿ ಕೈ ಆಡಿಸುವವರು. ಬೆರಳು ಎಡಕ್ಕೆ ಜಾರಿ ಹೇಳಿದ್ದೆಲ್ಲ ಹೋಗುತ್ತಿತ್ತು. ನಾವು ಬದಲಿಸಿದ ಎರಡು ಸೆಟ್ಟಿಂಗ್‌ಗಳಿಂದ ಇದರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಇದು ಆ ಆ್ಯಪ್ ತಾನೇ ಇಟ್ಟುಕೊಂಡ ನಿಯಮ. ಆಟದ ಆ್ಯಪ್‌ಗಳಲ್ಲೂ ಹೀಗೆ ತಮ್ಮದೇ ಲೆಕ್ಕ ಇರುವುದುಂಟು.

ಇಲ್ಲಿ ಕೌಶಲವನ್ನೇ ಕಲಿಸಬೇಕಾಯಿತು. ಈ ಸಲ ಪದಗಳನ್ನು ಮೊದಲೇ ಆರಿಸಿಕೊಂಡೆ. ‘ಹಿಡಿ, ಮೇಲೆ ತಳ್ಳು, ಬಿಡು, ಮಾತಾಡು.’ ನಾಲ್ಕು ಮಾತು, ನಾಲ್ಕು ಕೆಲಸ, ಎರಡರ್ಥ ಬರುವ ಪದ ಒಂದೂ ಇಲ್ಲ. ಮಗಳಿಗೆ ಕಳಿಸುವ ಮೊದಲು ನನ್ನ ನಂಬರಿಗೆ ಐದು ಸಲ ಕಳಿಸಿದರು. ಮೊದಲಿನ ಎರಡು ರದ್ದಾದವು, ಉಳಿದ ಮೂರು ಬಂದವು. ಮೂರರಲ್ಲೂ ಅಂದಿನ ಸಾರಿಗೆ ಬೇಳೆ ಸಾಲದ ವಿಷಯವೇ ಇತ್ತು.

ಮೌಲ್ಯಮಾಪನ

ಎರಡು ವಾರದ ನಂತರ ಮತ್ತೆ ವೀಡಿಯೊ ತೆಗೆದು ಎಣಿಸಿದೆವು. ಹತ್ತು ಮುಟ್ಟುವಿಕೆಗಳ ಸರಾಸರಿ 30 ಚಿತ್ರಕ್ಕೆ, ಎಂದರೆ 0.25 ಸೆಕೆಂಡಿಗೆ ಇಳಿದಿತ್ತು. ಈಗ “Short”ಗೆ ವಾಪಸ್ ತಂದರೂ ಬಹುಪಾಲು ನಡೆಯುತ್ತಿತ್ತು. ಆದರೆ ಒಲೆಯ ಮುಂದೆ ಅವಸರದಲ್ಲಿದ್ದಾಗ ಹಳೆಯ ರೂಢಿ ಮರಳಬಹುದೆಂದು “Medium” ಹಾಗೇ ಬಿಟ್ಟೆ. ಒತ್ತಿ ಹಿಡಿಯಬೇಕಾದಾಗ ಅಮ್ಮ ಮನಸ್ಸಿನಲ್ಲಿ ‘ಒಂದು, ಎರಡು’ ಎಂದು ಎಣಿಸಿಕೊಳ್ಳುತ್ತಾರೆ. ಬೆರಳು ಹಳೆಯ ಹಾಗೆ ಬಲ ಅಂಚಿನಲ್ಲೇ ಇರುತ್ತದೆ. ಅದನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ.

ಮೊದಲು ಅಳಿಸಿಹೋದ ಸಂದೇಶಗಳನ್ನು ವಾಪಸ್ ತರಲಾಗಲಿಲ್ಲ. ಸೀಮಂತದ ದಿನ ಗೊತ್ತಾದಾಗ ಮಗಳು ಕಳಿಸಿದ ಮಾತು ಅದರಲ್ಲಿತ್ತಂತೆ. ಅದನ್ನು ಅಮ್ಮ ಎರಡು ಸಲ ಹೇಳಿದರು. ನಾನು ಮೊದಲ ದಿನವೇ ಹೊತ್ತನ್ನು ನೋಡಿದ್ದರೂ ಅದು ಉಳಿಯುತ್ತಿರಲಿಲ್ಲ. ಆದರೆ ಆಮೇಲಿನ ಎರಡು ದಿನ “ನನ್ನ ಕೈಯೇ ಸರಿಯಿಲ್ಲ” ಎಂಬ ಅವರ ನಂಬಿಕೆಗೆ ನನ್ನ ಪಾಠ ಇನ್ನಷ್ಟು ಬಲ ಕೊಟ್ಟಿತು.

ಪರಿಷ್ಕರಿಸಿದ ಪಾಠ ಯೋಜನೆಯಲ್ಲಿ ಕ್ರಮ ಬದಲಾಗಿದೆ. ಮೊದಲು, ಏನೂ ಹೇಳದೆ, ಕಲಿಯುವವರು ತಮ್ಮ ರೀತಿಯಲ್ಲಿ ಹತ್ತು ಸಲ ಮುಟ್ಟುವುದನ್ನೂ ಹತ್ತು ಸಲ ಪುಟ ಸರಿಸುವುದನ್ನೂ ನೋಡುವುದು. ಬೇರೆ ಪಟ್ಟಿ ಬಂದರೆ ಹೊತ್ತು ಹೆಚ್ಚು, ಪುಟ ಮುಚ್ಚಿದರೆ ಶುರುವಾದ ಜಾಗ ಅಂಚು ಎಂದು ಗುರುತು ಹಾಕಿಕೊಳ್ಳುವುದು. ಎರಡನೆಯದು, ಅದಕ್ಕೆ ತಕ್ಕ ಒಂದು ಸೆಟ್ಟಿಂಗ್ ಮಾತ್ರ ಬದಲಿಸಿ ಮತ್ತೆ ಹತ್ತು ಸಲ ನೋಡುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸೆಟ್ಟಿಂಗ್ ಇಲ್ಲದ್ದನ್ನು ಮಾತ್ರ ಮೂರನೆಯದಾಗಿ ಕೈಗೆ ಕಲಿಸುವುದು. ಹೇಳಬೇಕಾದ ಪದಗಳ ಜಾಗದಲ್ಲಿ ‘ಮೆಲ್ಲಗೆ ಒತ್ತಿ’ ಎಂಬುದನ್ನು ಹೊಡೆದುಹಾಕಿ ‘ತಾಗಿಸಿ ತೆಗೆಯಿರಿ’ ಎಂದು ಬರೆದಿದ್ದೇನೆ.

ಬೋಧನಾಭ್ಯಾಸದ ಕೊನೆಯ ದಿನ ನನ್ನ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಮೊದಲ ಕೆಲವು ಸೆಕೆಂಡ್ ಪಾತ್ರೆಗಳ ಸದ್ದು ಮಾತ್ರ. ಆಮೇಲೆ ಅಮ್ಮನ ದನಿ: “ಟೀಚರ್, ಊಟಕ್ಕೆ ಬನ್ನಿ, ಇವತ್ತು ಪಾಯಸ ಮಾಡಿವ್ನಿ.”